ಏಳನೇ ತರಗತಿಯಲ್ಲಿ ನಿಲ್ಲದೆ ಹೋದ ಬಸ್ಸು

ಗೇಟು ದಾಟಿ ಬಲಕ್ಕೆ ತಿರುಗಿದರೆ ಬಿಸಿಯೂಟದ ಅಡುಗೆಮನೆ, ಅದರಾಚೆ ಉದ್ದನೆಯ ಜಗಲಿ. ಜಗಲಿಯ ಕೊನೆಯ ಕೋಣೆಯೇ ಏಳನೇ ತರಗತಿ. ನಾನು ಹೋಗುವಷ್ಟರಲ್ಲಿ ಮಕ್ಕಳು ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿ ನಡುವೆ ಜಾಗ ಮಾಡಿಕೊಂಡಿದ್ದರು. ಮಧ್ಯಾಹ್ನದ ಎರಡು ಪೀರಿಯಡ್ ಕೂಡಿಸಿ 80 ನಿಮಿಷ ನಾಟಕಕ್ಕೆ. ಕೆಲಸ ಇಷ್ಟು: ಪತ್ರಿಕೆಯಲ್ಲಿ ಬಂದ ಒಂದು ಸುದ್ದಿಯನ್ನು ಓದಿ, ಅದರಿಂದ ನಾಲ್ಕು ನಿಮಿಷದ ಕಿರುನಾಟಕ ಕಟ್ಟಿ, ಬರೆದು, ಆಡಬೇಕು.

ಮೇಷ್ಟ್ರು ಮೊದಲು ಸುದ್ದಿಯ ಜೆರಾಕ್ಸ್ ಪ್ರತಿಗಳನ್ನು ಹಂಚಿದರು. ಜಿಲ್ಲಾ ಪುಟದ ಹಳೆಯ ತುಣುಕುಗಳು. ಎಲ್ಲದರಲ್ಲೂ ಜನರ ಹೆಸರು, ಊರಿನ ಹೆಸರುಗಳ ಮೇಲೆ ಕಪ್ಪು ಗೆರೆ ಎಳೆದಿತ್ತು. ಯಾಕೆಂದು ಕೇಳಿದೆ. "ಇವರೆಲ್ಲ ಇನ್ನೂ ಎಲ್ಲೋ ಇದ್ದಾರೆ. ಇಲ್ಲಿ ಹುಡುಗರು ಅವರ ಬಾಯಲ್ಲಿ ಏನೇನೋ ಆಡಿಸ್ತಾರೆ" ಎಂದರು. ಮೂವತ್ತು ಚಿಲ್ಲರೆ ಮಕ್ಕಳು ಐದು ಗುಂಪಾದರು. ಒಂದು ಗುಂಪಿಗೆ ಅಡಿಕೆ ತೋಟಕ್ಕೆ ನುಗ್ಗಿದ ಮಂಗಗಳು, ಇನ್ನೊಂದಕ್ಕೆ ಸಿಕ್ಕ ಪರ್ಸನ್ನು ಹಿಂದಿರುಗಿಸಿದ ಆಟೋ ಚಾಲಕ. ಕಿಟಕಿಯ ಪಕ್ಕದ ಗುಂಪಿಗೆ ಬಂದದ್ದು ಬಸ್ಸಿನ ಸುದ್ದಿ. ಎಲ್ಲ ಗುಂಪುಗಳನ್ನೂ ಒಟ್ಟಿಗೆ ಹಿಂಬಾಲಿಸುವುದು ಆಗದ ಮಾತು, ಹಾಗಾಗಿ ನಾನು ಈ ಆರು ಮಕ್ಕಳ ಪಕ್ಕದಲ್ಲೇ ಕೂತೆ.

ಸುದ್ದಿ ತೀರಾ ಚಿಕ್ಕದು. ಸಂಜೆಯ ಬಸ್ಸು ಶಾಲೆಯ ಬಳಿಯ ನಿಲ್ದಾಣದಲ್ಲಿ ನಿಲ್ಲಿಸದೆ ಹೋಗುತ್ತಿದೆ, ಮಕ್ಕಳು ಮನೆ ತಲುಪುವಾಗ ಕತ್ತಲಾಗುತ್ತಿದೆ ಎಂದು ಪಾಲಕರು ದೂರಿದ್ದಾರೆ, ಪರಿಶೀಲಿಸುವುದಾಗಿ ಡಿಪೊ ಅಧಿಕಾರಿ ಹೇಳಿದ್ದಾರೆ. ಅಷ್ಟೇ. ಯಾರು, ಎಲ್ಲಿ, ಯಾವಾಗ, ಏನು, ಯಾಕೆ ಎಂಬುದಕ್ಕೆಲ್ಲ ನೀಲಿ ಪೆನ್ನಿನಲ್ಲಿ ಗೆರೆ ಎಳೆಯಿರಿ ಎಂದರು ಮೇಷ್ಟ್ರು. ಯಾರು, ಎಲ್ಲಿ, ಏನು ಎಂಬುದು ಬೇಗ ಸಿಕ್ಕಿತು. ಯಾಕೆ ಎಂಬುದಕ್ಕೆ ಗೆರೆ ಎಳೆಯಲು ಹೋದ ಹುಡುಗಿ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಸಾರ್, ಯಾಕೆ ನಿಲ್ಲಿಸಲ್ಲ ಅಂತ ಇದರಲ್ಲಿ ಬರೆದೇ ಇಲ್ಲ" ಎಂದಳು. ಹೌದು, ಇರಲಿಲ್ಲ. ಚಾಲಕನಾಗಲಿ ನಿರ್ವಾಹಕನಾಗಲಿ ಒಂದು ಮಾತೂ ಆಡಿರಲಿಲ್ಲ.

ಆಗ ಮೇಷ್ಟ್ರು ಪ್ರತಿ ಗುಂಪಿಗೂ ಒಂದೊಂದು ಹಸಿರು ಪೆನ್ನು ಕೊಟ್ಟರು. ಸುದ್ದಿಯಲ್ಲಿ ಇರುವುದನ್ನು ನೀಲಿಯಲ್ಲಿ ಬರೆಯಬೇಕು, ತಾವು ಕಲ್ಪಿಸಿದ್ದನ್ನು ಹಸಿರಿನಲ್ಲಿ. ಎಷ್ಟು ಬೇಕಾದರೂ ಕಲ್ಪಿಸಬಹುದು, ಆದರೆ ಬಣ್ಣ ತಪ್ಪಬಾರದು. ನನಗೆ ಮೊದಲು ಇದು ಬರಿಯ ಶಿಸ್ತಿನ ವಿಚಾರ ಅನ್ನಿಸಿತು. ಪೀರಿಯಡ್ ಮುಗಿಯುವ ಹೊತ್ತಿಗೆ ಪಾಠದ ಬೆನ್ನೆಲುಬೇ ಅದು ಎನ್ನುವಷ್ಟು ಮುಖ್ಯವಾಗಿ ಕಂಡಿತು.

ಬರೆಯುವುದಕ್ಕೆ ಇನ್ನೂ ಅಪ್ಪಣೆ ಸಿಕ್ಕಿರಲಿಲ್ಲ. ಮೊದಲು ಮೂರು ನಿಶ್ಚಲ ಚಿತ್ರ. ಶುರುವಿನದೊಂದು, ನಡುವಿನದೊಂದು, ಕೊನೆಯದೊಂದು. ಮೇಷ್ಟ್ರು ಚಪ್ಪಾಳೆ ತಟ್ಟಿದ ಕೂಡಲೇ ಎಲ್ಲರೂ ಇದ್ದಲ್ಲೇ ಕಲ್ಲಾಗಬೇಕು, ಮಾತಿಲ್ಲ. ಬಸ್ಸಿನ ಗುಂಪು ಮೊದಲ ಚಿತ್ರಕ್ಕೆ ಕಾಯುವ ಮಕ್ಕಳಾದರು, ಎರಡನೆಯದಕ್ಕೆ ಓಡುವ ಮಕ್ಕಳಾದರು. ಮೂರನೆಯದಕ್ಕೆ ಎಲ್ಲರೂ ಕೈ ಎತ್ತಿ ಘೋಷಣೆ ಕೂಗುವಂತೆ ನಿಂತರು. "ಇದು ನೀಲಿಯೋ ಹಸಿರೋ?" ಎಂದರು ಮೇಷ್ಟ್ರು. ಪ್ರತಿಭಟನೆ ಸುದ್ದಿಯಲ್ಲಿ ಇರಲಿಲ್ಲ. ಇರಬಾರದೆಂದೇನಿಲ್ಲ, ಆದರೆ ಈ ಕಥೆಯ ಕೊನೆ ನಿಜವಾಗಿ ಎಲ್ಲಿದೆ ಎಂದು ಹುಡುಕಿ ಎಂದರು. ಸ್ವಲ್ಪ ಹೊತ್ತು ಗುಸುಗುಸು ನಡೆಯಿತು. ಆಮೇಲೆ ಒಬ್ಬಳು ಬಾಗಿಲಲ್ಲಿ ಟಾರ್ಚು ಹಿಡಿದು ನಿಂತ ಅಮ್ಮನಾದಳು, ಇನ್ನೊಬ್ಬಳು ಬ್ಯಾಗು ಹೊತ್ತು ಅವಳೆದುರು ತಲೆ ತಗ್ಗಿಸಿದಳು. ಮಿಕ್ಕ ನಾಲ್ವರು ಏನು ಮಾಡಬೇಕೆಂದು ತಿಳಿಯದೆ ಮನೆಯ ಗೋಡೆಗಳಾದರು.

ಸುದ್ದಿಯಿಂದ ನಾಟಕ ಮಾಡುವಾಗ ಮೊದಲು ಎಡವುವುದು ಇಲ್ಲೇ ಎಂದು ಕಾಣುತ್ತದೆ. ಪತ್ರಿಕೆ ಮುಖ್ಯವಾದದ್ದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತದೆ, ಉಳಿದ ವಿವರ ಆಮೇಲೆ. ಜಾಗ ಸಾಲದಿದ್ದರೆ ಕೊನೆಯಿಂದ ಕತ್ತರಿಸಬಹುದಾದಂತೆ ಬರೆದಿರುತ್ತಾರೆ. ಅದೇ ಕ್ರಮದಲ್ಲಿ ಆಡಿದರೆ ಮೊದಲ ನಿಮಿಷದಲ್ಲೇ ಎಲ್ಲ ಮುಗಿದುಹೋಗುತ್ತದೆ. ಇನ್ನೊಂದು ತೊಡಕೂ ಇದೆ. ಸುದ್ದಿಯಲ್ಲಿದ್ದದ್ದು ಎಷ್ಟೋ ದಿನಗಳಿಂದ ನಡೆಯುತ್ತಿದ್ದ ಸಂಗತಿ. ಎಷ್ಟೋ ದಿನಗಳನ್ನು ಆಡಲಾಗುವುದಿಲ್ಲ, ಒಂದು ಸಂಜೆಯನ್ನು ಆಡಬಹುದು. ಮೇಷ್ಟ್ರು ಹಾಕಿದ ನಿಯಮವೂ ಅದೇ: ಒಂದೇ ಸಂಜೆ, ಎರಡೇ ಜಾಗ. ಬಸ್ ನಿಲ್ದಾಣ ಮತ್ತು ಮನೆಯ ಬಾಗಿಲು.

ಜಗಲಿಗೆ ಹೋಗಿ ಬಾಯಿಮಾತಿನಲ್ಲೇ ಆಡಿ ನೋಡಲು ಶುರುಮಾಡಿದರು. ಬಸ್ಸು ಹೇಗೆ ಮಾಡುವುದು ಎಂಬುದೇ ಮೊದಲ ಜಗಳ. ಇಬ್ಬರು ಬೆಂಚು ತರಲು ಓಡಿದರು, ಮೇಷ್ಟ್ರು ತಡೆದರು. ವಸ್ತುಗಳೇನೂ ಬೇಡ, ಮೈಯಿಂದಲೇ ಮಾಡಬೇಕು. ಹಾಗಾಗಿ ಮೂವರು ಮೇಲಿನ ಕಂಬಿ ಹಿಡಿದವರಂತೆ ಕೈ ಎತ್ತಿ ನಿಂತರು, ಮುಂದೆ ಒಬ್ಬ ಸ್ಟಿಯರಿಂಗ್ ತಿರುಗಿಸಿದ. ಬ್ರೇಕ್ ಹಾಕಿದಾಗ ಎಲ್ಲರೂ ಹಿಂದಕ್ಕೆ ವಾಲಿದರು. ಅಮ್ಮನ ಪಾತ್ರದವಳು ತಕ್ಷಣ ತಿದ್ದಿದಳು: "ಬ್ರೇಕ್ ಹಾಕಿದ್ರೆ ಮುಂದಕ್ಕೆ ಬೀಳ್ತೀವಿ ಕಣ್ರೋ, ಹೊರಟಾಗ ಹಿಂದಕ್ಕೆ." ಎರಡು ಸಲ ಅಭ್ಯಾಸ ಮಾಡಿದರು. ಹಿಂದಿನ ನಿಲ್ದಾಣದಲ್ಲಿ "ಹೋಲ್ಡಾನ್" ಎನ್ನುತ್ತಲೇ ಮೂವರೂ ಒಟ್ಟಿಗೆ ಮುಂದಕ್ಕೆ, "ರೈಟ್ ರೈಟ್" ಎನ್ನುತ್ತಲೇ ಹಿಂದಕ್ಕೆ.

ಆಮೇಲೆ ಶಾಲೆಯ ನಿಲ್ದಾಣ ಬಂತು. ಇಲ್ಲಿ ಬಸ್ಸು ನಿಲ್ಲುವುದಿಲ್ಲ. ನಿಲ್ಲದ ಬಸ್ಸನ್ನು ತೋರಿಸುವುದು ಹೇಗೆ? ಒಬ್ಬ ಸೂತ್ರಧಾರನನ್ನು ನಿಲ್ಲಿಸಿ "ಆದರೆ ಬಸ್ಸು ನಿಲ್ಲಲಿಲ್ಲ" ಎಂದು ಹೇಳಿಸೋಣ ಎಂದ ಒಬ್ಬ. ಬೇಡವೆಂದಳು ಇನ್ನೊಬ್ಬಳು. ಕೊನೆಗೆ ಅವರು ಮಾಡಿದ್ದು ಇಷ್ಟೇ: ಬಸ್ಸಿನೊಳಗಿನ ಮೂವರು ವಾಲಲಿಲ್ಲ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ, ಮಾತಾಡುತ್ತಿದ್ದವರು ಮಾತಾಡುತ್ತಲೇ ಇದ್ದರು. ಹೊರಗೆ ಕಾಯುತ್ತಿದ್ದವಳ ಕೈ ಮಾತ್ರ ಮೇಲೆದ್ದು, ಮುಖ ಬಲದಿಂದ ಎಡಕ್ಕೆ ನಿಧಾನವಾಗಿ ತಿರುಗಿತು. ಒಳಗಿದ್ದವರಿಗೆ ಏನೂ ಆಗಿಲ್ಲ, ಹೊರಗಿದ್ದವಳಿಗೆ ಒಂದು ಸಂಜೆಯೇ ಹೋಯಿತು ಎಂಬುದು ಒಂದು ಮಾತಿಲ್ಲದೆ ಅರ್ಥವಾಯಿತು. ದೊಡ್ಡವರ ಎಷ್ಟೋ ನಾಟಕಗಳಲ್ಲಿ ಸೂತ್ರಧಾರ ಹೇಳಿ ಮುಗಿಸುವುದನ್ನು ಈ ಮಕ್ಕಳು ಸುಮ್ಮನೆ ನಿಂತು ತೋರಿಸಿದರು. ಅವರಿಗೆ ಅದು ಹೊಳೆದದ್ದು ಹೇಗೆ ಎಂದು ನನಗೆ ಗೊತ್ತಾಗಲಿಲ್ಲ. ವಾಲುವುದನ್ನು ಅಷ್ಟು ಸರಿಯಾಗಿ ಅಭ್ಯಾಸ ಮಾಡಿದ್ದರಿಂದಲೇ ಇರಬೇಕು.

ಸೂತ್ರಧಾರನನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. 1930ರ ದಶಕದಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ಅಮೆರಿಕದಲ್ಲಿ ಸರ್ಕಾರಿ ನೆರವಿನಿಂದ ‘ಲಿವಿಂಗ್ ನ್ಯೂಸ್‌ಪೇಪರ್’ ಎಂಬ ಸುದ್ದಿನಾಟಕಗಳು ನಡೆದವು. ಅವುಗಳಲ್ಲಿ ಧ್ವನಿವರ್ಧಕದಿಂದ ಬರುವ ದನಿಯೇ ಒಂದು ಪಾತ್ರವಾಗಿರುತ್ತಿತ್ತು, ಪ್ರಕಟವಾದ ಸ್ಕ್ರಿಪ್ಟುಗಳಲ್ಲಿ ಆಧಾರಗಳನ್ನೂ ನಮೂದಿಸುತ್ತಿದ್ದರು. ಮೇಷ್ಟ್ರ ಎರಡು ಪೆನ್ನುಗಳನ್ನು ನೋಡುವಾಗ ನನಗೆ ನೆನಪಾದದ್ದು ಅದೇ.

ಈಗ ಬರವಣಿಗೆ. ಆಡಿದ ಮೇಲೆ ಬರೆಯಿಸುವುದಕ್ಕೆ ಕಾರಣವಿದೆ. ಮೊದಲೇ ಬರೆದರೆ ಪತ್ರಿಕೆಯ ವಾಕ್ಯವೇ ಪಾತ್ರದ ಬಾಯಿಗೆ ಬರುತ್ತದೆ. ಎಚ್ಚರಿಕೆಯ ನಡುವೆಯೂ ಅದು ಬಂತು. ಅಮ್ಮ ಬಾಗಿಲಲ್ಲಿ ನಿಂತು ಹೇಳುವ ಮೊದಲ ಸಾಲು ಹೀಗಿತ್ತು: "ಬಸ್ ನಿಲ್ಲಿಸದ ಕಾರಣ ವಿದ್ಯಾರ್ಥಿಗಳು ಮನೆ ತಲುಪುವಾಗ ಕತ್ತಲಾಗುತ್ತಿದೆ." ಮೇಷ್ಟ್ರು ಅದನ್ನು ಓದಿಸಿ, "ನಿಮ್ಮಮ್ಮ ಹೀಗೆ ಮಾತಾಡ್ತಾರಾ?" ಎಂದು ಮಾತ್ರ ಕೇಳಿ ಮುಂದಿನ ಗುಂಪಿಗೆ ಹೋದರು. ಅವರು ತಿರುಗಿ ಬರುವಷ್ಟರಲ್ಲಿ ಪುಟದಲ್ಲಿ ಇದಿತ್ತು:

"ಎಷ್ಟೊತ್ತಾಯ್ತೇ?"
"ಬಸ್ಸು ನಿಲ್ಲಿಸ್ಲಿಲ್ಲಮ್ಮ."
"ನಿನ್ನೇನೂ ಇದೇ ಹೇಳ್ದೆ."

ಮೂರೇ ಸಾಲು. ಮೂರನೆಯ ಸಾಲಿನಲ್ಲಿ ಅಮ್ಮನಿಗೆ ಮಗಳ ಮೇಲೆ ನಂಬಿಕೆ ಸಡಿಲವಾಗಿದೆ. ಬಸ್ಸಿನ ದೂರು ಮನೆಯೊಳಗಿನ ತಂಟೆಯಾಯಿತು, ನಾಟಕ ಎದ್ದು ನಿಂತಿತು.

ಅದೇ ಬೀಸಿನಲ್ಲಿ ಹುಡುಗಿ ನಾಲ್ಕನೆಯ ಸಾಲು ಬರೆದಳು: "ನಾಳೆಯಿಂದ ಶಾಲೆಗೆ ಹೋಗೋದೇ ಬೇಡ." ಓದಿದವರಿಗೆಲ್ಲ ಮೈ ಜುಮ್ಮೆಂದಿತು, ನನಗೂ. ಮೇಷ್ಟ್ರು ಮತ್ತೆ ಪೆನ್ನಿನ ಪ್ರಶ್ನೆ ಎತ್ತಿದರು. ಸಾಲು ಹಸಿರು, ಒಪ್ಪಿದಳು. ಆದರೆ ಆ ಊರಿನಲ್ಲಿ ಯಾರಾದರೂ ಶಾಲೆ ಬಿಟ್ಟರೆಂದು ಸುದ್ದಿಯಲ್ಲಿ ಇಲ್ಲ. ನೋಡಿದವರು ಹಾಗೆಯೇ ನಡೆಯಿತೆಂದು ನಂಬಿ ಮನೆಗೆ ಹೋದರೆ? "ನಡೀಬಹುದಲ್ವಾ ಸಾರ್" ಎಂದು ಅವಳು ಬಿಡಲಿಲ್ಲ. ನಾನು ಇಬ್ಬರ ಮಾತನ್ನೂ ಕೇಳುತ್ತ ಕೂತಿದ್ದೆ. ನನಗೆ ಅವಳ ವಾದವೇ ಹೆಚ್ಚು ಹಿಡಿಸಿತು, ಯಾಕೆಂದರೆ ಬಸ್ಸು ನಿಲ್ಲದಿದ್ದರೆ ಮೊದಲು ಅಪಾಯಕ್ಕೆ ಸಿಕ್ಕುವುದು ಹುಡುಗಿಯರ ಓದು. ಆದರೂ ಮೇಷ್ಟ್ರ ಅಳುಕನ್ನು ತಳ್ಳಿಹಾಕಲು ನನ್ನಿಂದಾಗಲಿಲ್ಲ. ಕೊನೆಗೆ ಅವಳೇ ಸಾಲನ್ನು ಹೊಡೆದುಹಾಕಿ "ನಿಮ್ಮಪ್ಪ ಬರಲಿ, ಮಾತಾಡೋಣ" ಎಂದು ಬರೆದಳು. ಮಾತು ಮೆತ್ತಗಾಯಿತು, ಹೆದರಿಕೆ ಹಾಗೇ ಉಳಿಯಿತು.

ಚಾಲಕನದು ಇನ್ನೂ ಕಷ್ಟದ ಕೆಲಸ. ಮೊದಲ ಕರಡಿನಲ್ಲಿ ಅವನು ಗಹಗಹಿಸಿ ನಕ್ಕು, "ಪಾಸಿನ ಮಕ್ಕಳು! ಹತ್ತಿಸಿದ್ರೆ ಏನು ಸಿಗುತ್ತೆ?" ಎನ್ನುತ್ತಿದ್ದ. ಗುಂಪಿಗೆ ಆ ಸಾಲು ಬಹಳ ಇಷ್ಟ. ಮೇಷ್ಟ್ರು ಅದನ್ನು ಅಳಿಸಲು ಹೇಳಲಿಲ್ಲ, ಚಾಲಕನ ಪಾತ್ರದ ಹುಡುಗನನ್ನು ಒಂದು ಕುರ್ಚಿಯಲ್ಲಿ ಕೂರಿಸಿ ಉಳಿದವರಿಂದ ಪ್ರಶ್ನೆ ಕೇಳಿಸಿದರು. ಅವನು ಪಾತ್ರದೊಳಗೇ ಇದ್ದು ಉತ್ತರಿಸಬೇಕು. ಬೆಳಿಗ್ಗೆ ಎಷ್ಟಕ್ಕೆ ಎದ್ದಿರಿ, ಇದು ಎಷ್ಟನೇ ಟ್ರಿಪ್, ಬಸ್ಸಿನಲ್ಲಿ ಎಷ್ಟು ಜನ. ಉತ್ತರ ಕೊಡುತ್ತ ಕೊಡುತ್ತ ಹುಡುಗನ ನಗು ನಿಂತಿತು. ಫುಟ್‌ಬೋರ್ಡಿನಲ್ಲೂ ಜನ, ಇನ್ನು ನಿಲ್ಲಿಸಿದರೆ ಯಾರಾದರೂ ಬಿದ್ದಾರು ಎಂದ. "ನಾವು ಕೈ ತೋರಿಸಿದ್ದು ಕಾಣಿಸ್ತಾ?" ಎಂದು ಒಬ್ಬಳು ಕೇಳಿದಳು. "ಕಾಣಿಸ್ತು" ಎಂದ. ಆ ಒಂದು ಮಾತನ್ನು ಅವರು ಸ್ಕ್ರಿಪ್ಟಿಗೆ ಸೇರಿಸಿಕೊಂಡರು, ಗಹಗಹಿಸುವ ಸಾಲು ತಾನಾಗಿಯೇ ಹೋಯಿತು.

ಆಟೋ ಚಾಲಕನ ಗುಂಪು ಅಷ್ಟರಲ್ಲಿ ಸೋತು ಕೂತಿತ್ತು. ಪರ್ಸು ಸಿಕ್ಕಿತು, ಕೊಟ್ಟ, ಚಪ್ಪಾಳೆ. ಒಂದು ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ಪರ್ಸು ತೆರೆದು ನೋಡಿದ ಮೇಲೆ ಕೊಡಲು ಹೊರಡುವ ಮೊದಲು ಅವನು ಏನು ಮಾಡಿದ ಎಂದು ಮೇಷ್ಟ್ರು ಕೇಳಿದಾಗ ಅವರ ಕೆಲಸ ಶುರುವಾಯಿತು.

ಪ್ರದರ್ಶನಕ್ಕೆ ಉಳಿದದ್ದು ಇಪ್ಪತ್ತೇ ನಿಮಿಷ. ಬಸ್ಸಿನ ಗುಂಪು ಎರಡನೆಯದಾಗಿ ಬಂತು. ಮನೆಯ ದೃಶ್ಯದಲ್ಲಿ ಅಮ್ಮ ಮಗಳ ಕಡೆಗೇ ಪೂರ್ತಿ ತಿರುಗಿದ್ದರಿಂದ ನಮಗೆ ಅವಳ ಬೆನ್ನು ಮಾತ್ರ ಕಂಡಿತು, "ನಿನ್ನೇನೂ ಇದೇ ಹೇಳ್ದೆ" ಎಂಬ ಸಾಲು ಹಿಂದಿನ ಗೋಡೆಗೆ ಹೋಯಿತು. ಹಿಂದೆ ಕೂತವರು ಪಕ್ಕದವರನ್ನು ಕೇಳಿ ತಿಳಿದುಕೊಂಡರು. ಸ್ವಲ್ಪ ಓರೆಯಾಗಿ ನಿಂತಿದ್ದರೆ ಸಾಕಿತ್ತು. ಆದರೆ ಬಸ್ಸು ಸರಿಯಾಗಿಯೇ ಬಂತು. ಹಿಂದಿನ ನಿಲ್ದಾಣದಲ್ಲಿ ವಾಲಿತು, ಶಾಲೆಯ ಮುಂದೆ ವಾಲದೆ ಹೋಯಿತು. ಕೋಣೆಯಲ್ಲಿ ಯಾರೋ "ಅಯ್ಯೋ" ಎಂದರು.

ಗಂಟೆ ಹೊಡೆಯುವ ಮೊದಲು ಮೇಷ್ಟ್ರು ಅಭಿನಯಕ್ಕೆ ಅಂಕ ಹೇಳಲಿಲ್ಲ. ಪ್ರತಿ ಗುಂಪು ತನ್ನ ಹಸಿರು ಸಾಲುಗಳಲ್ಲಿ, ನಿಜ ಹೌದೋ ಅಲ್ಲವೋ ಎಂದು ಯಾರನ್ನಾದರೂ ಕೇಳಿ ತಿಳಿಯಬಹುದಾದದ್ದನ್ನು ಆರಿಸಬೇಕಿತ್ತು. ಬಸ್ಸಿನ ಗುಂಪು ಎರಡು ಪ್ರಶ್ನೆ ಬರೆದುಕೊಂಡಿತು. ಬಸ್ಸು ತುಂಬಿದ್ದರೆ ನಿಲ್ದಾಣದಲ್ಲಿ ನಿಲ್ಲಿಸದೆ ಹೋಗಬಹುದೇ? ನಿಲ್ಲಿಸುವುದು ಬಿಡುವುದು ಯಾರ ತೀರ್ಮಾನ, ಚಾಲಕನದೋ ನಿರ್ವಾಹಕನದೋ? ಶನಿವಾರ ಬಸ್ ಸ್ಟ್ಯಾಂಡಿಗೆ ಹೋಗಿ ಕೇಳಿ ಬರುವುದಾಗಿ ಇಬ್ಬರು ಒಪ್ಪಿದರು. ಉತ್ತರ ಬಂದರೆ ಆ ಸಾಲುಗಳನ್ನು ಮುಂದಿನ ತರಗತಿಯಲ್ಲಿ ನೀಲಿಯಲ್ಲಿ ತಿದ್ದಿ ಬರೆಯಬೇಕು.