ಓಡಿಸುವ ಶೂ ಬೇರೆ, ನಿಲ್ಲಿಸುವ ಶೂ ಬೇರೆ

ಟೆನಿಸ್‌ನ ಹಾರ್ಡ್ ಕೋರ್ಟ್ ದೂರದಿಂದ ನುಣ್ಣಗಿನ ನೀಲಿ ನೆಲದಂತೆ ಕಾಣುತ್ತದೆ. ಅಂಗೈಯಿಂದ ಒಮ್ಮೆ ಸವರಿ ನೋಡಿದರೆ ಅದರ ಒರಟುತನ ತಿಳಿಯುತ್ತದೆ. ಡಾಂಬರು ಅಥವಾ ಕಾಂಕ್ರೀಟಿನ ತಳದ ಮೇಲೆ ಹಲವು ಪದರ ಅಕ್ರಿಲಿಕ್ ಬಣ್ಣ ಬಳಿಯುವಾಗ ಅದರಲ್ಲಿ ಸಣ್ಣ ಸಿಲಿಕಾ ಮರಳನ್ನು ಬೆರೆಸಿರುತ್ತಾರೆ. ಪುಟಿದ ಚೆಂಡು ಎಷ್ಟು ವೇಗ ಕಳೆದುಕೊಳ್ಳಬೇಕು, ಕಾಲಿಗೆ ಎಷ್ಟು ಹಿಡಿತ ಸಿಗಬೇಕು ಎಂಬುದು ಬಹುಮಟ್ಟಿಗೆ ಈ ಮರಳಿನ ಕೈಯಲ್ಲಿದೆ. ಶೂ ಅಟ್ಟೆಯನ್ನು ದಿನದಿನಕ್ಕೆ ತಿನ್ನುವುದೂ ಇದೇ ಮರಳು.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಕ್ಲಬ್ಬುಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಇಂಥ ಕೋರ್ಟುಗಳೇ. ಹೊಸದಾಗಿ ಆಡಲು ಬರುವವರು ಮನೆಯಲ್ಲಿರುವ ರನ್ನಿಂಗ್ ಶೂಗಳನ್ನೇ ಹಾಕಿಕೊಂಡು ಬರುತ್ತಾರೆ. ಅವು ಮೆತ್ತಗಿವೆ, ಹಗುರವಾಗಿವೆ, ಟೆನಿಸ್ ಶೂಗಳಷ್ಟೇ ದುಬಾರಿಯೂ ಆಗಿರುತ್ತವೆ. ಇಷ್ಟು ಒಳ್ಳೆಯ ಶೂ ಇರುವಾಗ ಇನ್ನೊಂದು ಜೊತೆ ಯಾಕೆ ಎಂದು ಅವರು ಕೇಳುವುದರಲ್ಲಿ ತಪ್ಪೇನಿಲ್ಲ.

ಒಂದೇ ಒಂದು ಹೊಡೆತವನ್ನು ಬಿಡಿಸಿ ನೋಡಿದರೆ ಉತ್ತರ ಸಿಗುತ್ತದೆ. ಬಲಗೈ ಆಟಗಾರ್ತಿಯೊಬ್ಬಳ ಫೋರ್‌ಹ್ಯಾಂಡ್ ಕಡೆಯ ಮೂಲೆಗೆ ಚೆಂಡು ಬಂತು ಎನ್ನೋಣ. ಮೂರ್ನಾಲ್ಕು ಹೆಜ್ಜೆ ಬಲಕ್ಕೆ ಓಡಿ, ಬಲಗಾಲನ್ನು ಗಟ್ಟಿಯಾಗಿ ಊರಿ, ಚೆಂಡು ಹೊಡೆದು, ಅದೇ ಕಾಲಿನಿಂದ ನೆಲವನ್ನು ಒದ್ದು ಅವಳು ಮಧ್ಯಕ್ಕೆ ಮರಳಬೇಕು. ಕಾಲೂರಿದ ಕ್ಷಣದಲ್ಲಿ ಅಟ್ಟೆ ನೆಲವನ್ನು ಕಚ್ಚಿ ನಿಂತುಬಿಡುತ್ತದೆ. ಆದರೆ ಮೈ ಇನ್ನೂ ಬಲಕ್ಕೆ ಸಾಗುತ್ತಲೇ ಇರುತ್ತದೆ. ಆ ವೇಗವೆಲ್ಲ ಪಾದದ ಮೂಲಕ ಶೂವಿನ ಹೊರಗೋಡೆಯ ಮೇಲೆ ಬೀಳುತ್ತದೆ.

ಅವಳ ಕಾಲಲ್ಲಿ ರನ್ನಿಂಗ್ ಶೂ ಇದ್ದರೆ ಇಲ್ಲಿ ಒಂದರ ಹಿಂದೆ ಒಂದು ತೊಂದರೆ ಶುರುವಾಗುತ್ತದೆ. ಮೇಲ್ಭಾಗದ ತೆಳು ಜಾಲರಿ ಬಟ್ಟೆ ಹಿಗ್ಗಿ, ಪಾದ ಅಟ್ಟೆಯ ಅಂಚಿನಾಚೆಗೆ ಜಾರುತ್ತದೆ. ಕೆಳಗಿನ ಮೆತ್ತನೆಯ ಫೋಮ್ ಹೊರಬದಿಯಲ್ಲಿ ಮಾತ್ರ ಅದುಮಿಕೊಂಡು ಒಳಬದಿಯಲ್ಲಿ ಎತ್ತರವಾಗಿಯೇ ಉಳಿಯುತ್ತದೆ. ಅಲ್ಲಿಗೆ ಪಾದ ನಿಂತ ನೆಲವೇ ಓರೆಯಾದಂತಾಯಿತು. ಹಿಮ್ಮಡಿ ಎತ್ತರದಲ್ಲಿದ್ದಷ್ಟೂ ಪಾದ ಹೊರಕ್ಕೆ ಹೊರಳುವುದು ಸುಲಭ. ಇಂದಿನ ಎಷ್ಟೋ ರನ್ನಿಂಗ್ ಶೂಗಳಲ್ಲಿ ಹಿಮ್ಮಡಿಯ ಕೆಳಗಿನ ದಪ್ಪ 35 ಮಿಲಿಮೀಟರು ದಾಟಿದೆ. ರಸ್ತೆ ಓಟದ ಸ್ಪರ್ಧೆಗಳಲ್ಲಿ 40 ಮಿಲಿಮೀಟರು ಮೀರಬಾರದು ಎಂದು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ಮಿತಿ ಹಾಕಬೇಕಾಯಿತು. ನೇರ ಓಡುವವರಿಗೆ ಈ ದಪ್ಪ ಫೋಮ್ ವರವೇ ಸರಿ. ಅವರ ಕಾಲಿನ ಕೆಲಸ ಮುಂದೆ ಬಿದ್ದು ಮುಂದೆ ಉರುಳುವುದು. ಅಡ್ಡಕ್ಕೆ ಗಕ್ಕನೆ ನಿಲ್ಲುವ ಸಂದರ್ಭವೇ ಅಪರೂಪ.

ಟೆನಿಸ್ ಶೂ ತಯಾರಾಗುವುದೇ ಈ ನಿಲುಗಡೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಅದರಲ್ಲಿ ಪಾದ ನೆಲಕ್ಕೆ ಹತ್ತಿರವಿರುತ್ತದೆ. ಕಿರುಬೆರಳಿನ ಪಕ್ಕದಲ್ಲಿ ಅಟ್ಟೆ ಒಂದಿಷ್ಟು ಹೊರಚಾಚಿ ಅಗಲವಾಗಿರುತ್ತದೆ. ಪಾದ ಹೊರಳಲು ಹೊರಟಾಗ ಆ ಚಾಚು ಮೊದಲು ನೆಲಕ್ಕೆ ತಾಗಿ ತಡೆಯುತ್ತದೆ. ಫೋಮಿನ ಅಂಚು ಪಾದದ ಸುತ್ತ ಮೇಲೆದ್ದಿರುವುದರಿಂದ ಪಾದ ಅದರ ಮೇಲಲ್ಲ, ಅದರೊಳಗೆ ಕೂರುತ್ತದೆ. ಹಿಮ್ಮಡಿ ಮತ್ತು ಬೆರಳುಗಳ ನಡುವೆ ಗಟ್ಟಿ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಕೂರಿಸಿರುತ್ತಾರೆ. ಅಂಗಡಿಯಲ್ಲಿ ಎರಡೂ ಬಗೆಯ ಶೂಗಳನ್ನು ಕೈಗೆ ತೆಗೆದುಕೊಂಡು, ಹಿಮ್ಮಡಿಯನ್ನು ಒಂದು ಕೈಯಲ್ಲಿ, ಮುಂಭಾಗವನ್ನು ಇನ್ನೊಂದು ಕೈಯಲ್ಲಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಬೇಕು. ರನ್ನಿಂಗ್ ಶೂ ಸಾಮಾನ್ಯವಾಗಿ ಸಲೀಸಾಗಿ ತಿರುಚಿಕೊಳ್ಳುತ್ತದೆ. ಟೆನಿಸ್ ಶೂ ಬೆರಳುಗಳ ಬುಡದಲ್ಲಿ ಬಾಗುತ್ತದೆ, ನಡುವೆ ಮಾತ್ರ ಜಗ್ಗುವುದಿಲ್ಲ. ಇದಕ್ಕೆಲ್ಲ ತೂಕದ ಬೆಲೆ ತೆರಲೇಬೇಕು: ಗಂಡಸರ ಗಟ್ಟಿಮುಟ್ಟಾದ ಟೆನಿಸ್ ಶೂ ಒಂದೊಂದೂ 350ರಿಂದ 400 ಗ್ರಾಂ ತೂಗಿದರೆ, ಸಾಧಾರಣ ರನ್ನಿಂಗ್ ಶೂ 250–300 ಗ್ರಾಂ ಇರುತ್ತದೆ.

ಇನ್ನು ಸವೆತದ ಮಾತು. ರನ್ನಿಂಗ್ ಶೂವನ್ನು ಮಗುಚಿ ನೋಡಿದರೆ ರಬ್ಬರು ಇಡೀ ತಳದಲ್ಲಿ ಇರುವುದಿಲ್ಲ. ಹಿಮ್ಮಡಿಯಲ್ಲಿ, ಮುಂಗಾಲಿನಲ್ಲಿ ತುಂಡು ತುಂಡಾಗಿ ಅಂಟಿಸಿ, ತೂಕ ಉಳಿಸಲು ಉಳಿದ ಕಡೆ ಫೋಮನ್ನು ಬರಿದಾಗಿ ಬಿಟ್ಟಿರುತ್ತಾರೆ. ಮುಂಭಾಗದ ರಬ್ಬರಿನಲ್ಲಿ ಗಾಳಿಗುಳ್ಳೆ ತುಂಬಿ ಹಗುರಗೊಳಿಸುವುದೂ ಉಂಟು. ಮರಳು ಬೆರೆತ ಕೋರ್ಟಿನ ಮೇಲೆ ಕಾಲೆಳೆದರೆ ಈ ಬರಿ ಫೋಮ್ ಚೂರುಚೂರಾಗಿ ಕಿತ್ತುಬರುತ್ತದೆ. ಟೆನಿಸ್ ಶೂವಿನ ತಳದಲ್ಲಿ ಹೆಚ್ಚುಕಡಿಮೆ ಪೂರ್ತಿ ದಪ್ಪ, ಒತ್ತಾದ ರಬ್ಬರಿರುತ್ತದೆ. ಅದರ ಮೇಲೆ ಮೀನಿನ ಮುಳ್ಳಿನಂಥ ಅಂಕುಡೊಂಕು ಗೀರುಗಳಿದ್ದು, ಹೆಚ್ಚು ಉಜ್ಜುವ ಜಾಗಗಳಲ್ಲಿ ಗೀರು ಕಡಿಮೆ, ರಬ್ಬರು ಹೆಚ್ಚು.

ರಬ್ಬರು ಎಷ್ಟು ಬಾಳುತ್ತದೆ ಎಂದು ಅಳೆಯಲು ಪ್ರಯೋಗಾಲಯಗಳಲ್ಲಿ ಒಂದು ಸರಳ ಯಂತ್ರವಿದೆ. ಉಜ್ಜುಬಟ್ಟೆ ಸುತ್ತಿದ ಉರುಳೆಯೊಂದು ತಿರುಗುತ್ತಿರುತ್ತದೆ. ರಬ್ಬರಿನ ಸಣ್ಣ ಬಿಲ್ಲೆಯನ್ನು ಸುಮಾರು ಒಂದು ಕಿಲೋ ಭಾರದಲ್ಲಿ ಅದಕ್ಕೆ ಒತ್ತಿ 40 ಮೀಟರು ದೂರ ಉಜ್ಜುತ್ತಾರೆ. ಎಷ್ಟು ಘನ ಮಿಲಿಮೀಟರು ರಬ್ಬರು ಹೋಯಿತೆಂಬುದೇ ಫಲಿತಾಂಶ. ಸಂಖ್ಯೆ ಚಿಕ್ಕದಿದ್ದಷ್ಟೂ ಬಾಳಿಕೆ ಹೆಚ್ಚು. ಹಾಗೆಂದು ರಬ್ಬರನ್ನು ಕಲ್ಲಿನಂತೆ ಗಟ್ಟಿ ಮಾಡಿದರೆ ಧೂಳಿದ್ದ ಕೋರ್ಟಿನಲ್ಲಿ ಕಾಲು ಜಾರುತ್ತದೆ. ಮೆತ್ತಗೆ ಮಾಡಿದರೆ ಹಿಡಿತ ಸಿಕ್ಕೀತು, ರಬ್ಬರು ಬೇಗ ಕರಗೀತು. ಈ ಎರಡರ ನಡುವಿನ ಹದ ಹುಡುಕಲು ರ್‍ಯಾಕೆಟ್ ತಂತಿಗೆ ಹೆಸರಾದ ಫ್ರಾನ್ಸಿನ ಬಾಬೊಲಾ ಕಂಪನಿ ಟೈರು ತಯಾರಕರಾದ ಮಿಶೆಲಿನ್ ಜೊತೆ ಕೈಜೋಡಿಸಿ ಅಟ್ಟೆ ಮಾಡಿಸಿತು. ಕಾಲು ಅತಿಯಾಗಿ ಕಚ್ಚಿಕೊಳ್ಳುವುದೂ ಒಳ್ಳೆಯದಲ್ಲ. ಆಸ್ಟ್ರೇಲಿಯನ್ ಓಪನ್ 1988ರಿಂದ 2007ರವರೆಗೆ ನಡೆದದ್ದು ರಿಬೌಂಡ್ ಏಸ್ ಎಂಬ ನೆಲದ ಮೇಲೆ. ಬಿಸಿಲೇರಿದಾಗ ಅದು ಅಂಟಂಟಾಗಿ ಕಾಲು ಹಿಡಿದುಕೊಳ್ಳುತ್ತದೆ, ಕಣಕಾಲು ಉಳುಕುತ್ತದೆ ಎಂದು ಆಟಗಾರರು ದೂರುತ್ತಿದ್ದರು.

ಅಟ್ಟೆ ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ. ಬಲಗೈಯವರು ಸರ್ವ್ ಮಾಡುವಾಗ ಬಲಗಾಲಿನ ತುದಿಯನ್ನು ನೆಲಕ್ಕೆ ಎಳೆಯುವುದುಂಟು. ಹಾಗಾಗಿ ಆ ಶೂವಿನ ಹೆಬ್ಬೆರಳಿನ ಒಳಮಗ್ಗುಲು ಮೊದಲು ತೂತಾಗುತ್ತದೆ. ಒಳ್ಳೆಯ ಟೆನಿಸ್ ಶೂಗಳಲ್ಲಿ ಅಲ್ಲಿ ರಬ್ಬರನ್ನು ಮೇಲಕ್ಕೂ ಹತ್ತಿಸಿ ಕವಚದಂತೆ ಹೊದಿಸುವುದು ಇದೇ ಕಾರಣಕ್ಕೆ. ಆಮೇಲೆ ಹೆಬ್ಬೆರಳ ಬುಡದ ಕೆಳಗೆ ಗೀರುಗಳು ಅಳಿಸಿ ನುಣುಪಾದ ವೃತ್ತವೊಂದು ಮೂಡುತ್ತದೆ. ಅದು ಕಂಡಿತೆಂದರೆ ಹಿಡಿತ ಹೋಯಿತೆಂದೇ ತಿಳಿಯಬೇಕು. ಅಲ್ಲಿ ಬೇರೆ ಬಣ್ಣದ ಫೋಮ್ ಇಣುಕಿದರಂತೂ ಆ ಶೂವಿನಲ್ಲಿ ಆಡಲೇಬಾರದು. ಕೆಲವು ಕಂಪನಿಗಳು ಅಟ್ಟೆಗೆ ಆರು ತಿಂಗಳ ಗ್ಯಾರಂಟಿ ಕೊಡುತ್ತವೆ. ಅದು ಅನ್ವಯಿಸುವುದು ಆಯ್ದ ಮಾದರಿಗಳಿಗೆ, ಆಯ್ದ ದೇಶಗಳಲ್ಲಿ, ಸಾಮಾನ್ಯವಾಗಿ ರಬ್ಬರು ಪೂರ್ತಿ ಸವೆದಾಗ ಮಾತ್ರ. ಭಾರತದಲ್ಲಿ ಕೊಳ್ಳುವವರು ಅಂಗಡಿಯಲ್ಲಿ ಕೇಳಿಯೇ ಖಾತ್ರಿ ಮಾಡಿಕೊಳ್ಳಬೇಕು.

ಅಟ್ಟೆ ಚೆನ್ನಾಗಿದ್ದ ಮಾತ್ರಕ್ಕೆ ಶೂ ಚೆನ್ನಾಗಿದೆ ಎಂದೂ ಅಲ್ಲ. ಹಳೆಯ ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದಾಗ ಅದು ಒಂದು ಕಡೆಗೆ ವಾಲಿದ್ದರೆ ಒಳಗಿನ ಫೋಮ್ ಕುಸಿದಿದೆ, ಪಕ್ಕದ ಆಸರೆ ಹೋಗಿದೆ ಎಂದರ್ಥ. ಎಂಥ ಹೊಸ ಶೂ ಆದರೂ ಉಳುಕಿನಿಂದ ಪೂರ್ತಿ ಕಾಪಾಡಲಾರದು. 2022ರ ಫ್ರೆಂಚ್ ಓಪನ್ ಸೆಮಿಫೈನಲ್‌ನಲ್ಲಿ, ಮಣ್ಣಿನ ಕೋರ್ಟಿನ ಮೇಲೆ, ಟೆನಿಸ್ ಶೂ ತೊಟ್ಟೇ ಆಡುತ್ತಿದ್ದ ಅಲೆಕ್ಸಾಂಡರ್ ಜ್ವೆರೆವ್ ಕಾಲು ಹೊರಳಿ, ಬಲ ಕಣಕಾಲಿನ ಹೊರಬದಿಯ ಮೂರೂ ಅಸ್ಥಿರಜ್ಜುಗಳು ಹರಿದು, ಶಸ್ತ್ರಚಿಕಿತ್ಸೆಯೇ ಬೇಕಾಯಿತು.

ನಮ್ಮಲ್ಲಿ ಇನ್ನೊಂದು ಅಡ್ಡದಾರಿ ಚಾಲ್ತಿಯಲ್ಲಿದೆ: ‘ನಾನ್ ಮಾರ್ಕಿಂಗ್’ ಎಂದು ಮಾರುವ ಬ್ಯಾಡ್ಮಿಂಟನ್ ಶೂ. ಅದು ತಗ್ಗಾಗಿದೆ, ಪಕ್ಕಕ್ಕೆ ಸ್ಥಿರವಾಗಿಯೂ ಇದೆ. ಹೀಗಾಗಿ ಕಣಕಾಲಿನ ದೃಷ್ಟಿಯಿಂದ ರನ್ನಿಂಗ್ ಶೂಗಿಂತ ವಾಸಿ. ಆದರೆ ಅದರ ಮೆತ್ತನೆಯ ಗಮ್ ರಬ್ಬರನ್ನು ಒಳಾಂಗಣದ ಮರದ ಹಾಸಿಗೆ, ಸಿಂಥೆಟಿಕ್ ಮ್ಯಾಟಿಗೆ ಎಂದು ಮಾಡಿರುತ್ತಾರೆ. ವಾರಕ್ಕೆ ಮೂರು ದಿನ ಹಾರ್ಡ್ ಕೋರ್ಟಿನಲ್ಲಿ ಆಡುವವರ ಕಾಲಲ್ಲಿ ಆ ರಬ್ಬರು ಬಹಳ ಬೇಗ ಸವೆದುಹೋಗುತ್ತದೆ.