ಗೋಡೆಯ ಕಲೆಗೆ ಎಷ್ಟು ಹಿಡಿಯಬೇಕು?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡುವಾಗ ಜಗಳ ಹುಟ್ಟುವುದು ಅಡ್ವಾನ್ಸ್ ವಾಪಸ್ಸಿನ ಹೊತ್ತಿಗೆ. ‘ಗೋಡೆಯೆಲ್ಲ ಹಾಳಾಗಿದೆ, ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತೇನೆ’ ಎನ್ನುತ್ತಾರೆ ಮಾಲೀಕರು. ಆ ‘ಎಲ್ಲ’ ಎಷ್ಟು ಎಂದು ಅಳೆದು ಬರೆದ ಒಂದು ಪುಟದ ಪತ್ರ, ವಾದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಕೀ ಕೊಟ್ಟ ಮೇಲೆ ಟೇಪು ಹಿಡಿದು ಒಳಗೆ ಹೋಗಲಾಗದು, ಫೋಟೋಗಳೇ ಗತಿ. ಆದ್ದರಿಂದ ಖಾಲಿ ಮಾಡುವ ದಿನವೇ ಪ್ರತಿ ಕಲೆಯ ಪಕ್ಕ ಒಂದು A4 ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು, ನೇರ ಎದುರು ನಿಂತು ಫೋಟೋ ತೆಗೆಯಿರಿ. ಹಾಳೆಯ ಉದ್ದ 29.7 ಸೆಂ.ಮೀ. ಫೋಟೋದಲ್ಲಿ ಅದು 1,188 ಪಿಕ್ಸೆಲ್ ಬಂದರೆ ಒಂದು ಸೆಂ.ಮೀ.ಗೆ 40 ಪಿಕ್ಸೆಲ್. ಪಕ್ಕದ ಕಲೆ 960ಕ್ಕೆ 600 ಪಿಕ್ಸೆಲ್ ಇದ್ದರೆ, ಅದರ ಅಳತೆ 24 ಸೆಂ.ಮೀ.ಗೆ 15 ಸೆಂ.ಮೀ. ಫೋಟೋದಲ್ಲಿ ಹಾಳೆಯ ಒಂದು ಬದಿ ಕಿರಿದಾಗಿ ಕಂಡರೆ ಕ್ಯಾಮೆರಾ ಓರೆಯಾಗಿತ್ತು ಎಂದರ್ಥ. ಆ ಲೆಕ್ಕ ನಂಬಬೇಡಿ.

25,000 ರೂಪಾಯಿ ಬಾಡಿಗೆಯ, ಹೊಸ ಬಣ್ಣ ಬಳಿದಿದ್ದ ಮನೆಯಲ್ಲಿ ಮೂರು ವರ್ಷ ಇದ್ದವರ ಪತ್ರ ಹೀಗಿರಬಹುದು:

‘ಮಾನ್ಯರೇ, ಹಾಲಿನಲ್ಲಿ ಟಿವಿ ಸ್ಟ್ಯಾಂಡಿನ ನಾಲ್ಕು ತೂತುಗಳಿವೆ, ತಲಾ 10 ಮಿ.ಮೀ. (ಫೋಟೋ 1). ಕೊರೆಸಿದ್ದು ನಾನೇ, ಪುಟ್ಟಿ ತುಂಬಿ ಟಚಪ್ ಮಾಡಲು ಪೇಂಟರ್ ಹೇಳಿದ 500 ರೂಪಾಯಿ ನನ್ನದು. ಮಲಗುವ ಕೋಣೆಯಲ್ಲಿ ಟೇಪ್ ಕಿತ್ತಾಗ 24×15 ಸೆಂ.ಮೀ. ಬಣ್ಣ ಎದ್ದಿದೆ (ಫೋಟೋ 2). ಅಷ್ಟಕ್ಕೇ ಬಳಿದರೆ ತೇಪೆ ಕಾಣುವುದರಿಂದ ಪೂರ್ತಿ ಗೋಡೆಯ 100 ಚದರಡಿ ಲೆಕ್ಕ ಹಿಡಿದಿದ್ದೇನೆ. ಚದರಡಿಗೆ 15 ರೂಪಾಯಿಯಂತೆ 1,500. ಬಣ್ಣದ ಆಯಸ್ಸು ಐದು ವರ್ಷ ಎಂದಿಟ್ಟುಕೊಂಡರೆ ಉಳಿದದ್ದು ಎರಡು ವರ್ಷ. ನನ್ನ ಪಾಲು 600. ಕಿಟಕಿಯ ಕೆಳಗಿನ ತೇವದ ಕಲೆ (ಫೋಟೋ 3) ಹೊರಗೋಡೆಯಿಂದ ಇಳಿದದ್ದು. ಅದಕ್ಕೆ ಏನೂ ಸೇರಿಸಿಲ್ಲ. ಒಟ್ಟು 1,100 ಹಿಡಿದು, 1,50,000 ಅಡ್ವಾನ್ಸಿನಲ್ಲಿ 1,48,900 ಹಿಂದಿರುಗಿಸಬೇಕಾಗಿ ಕೋರುತ್ತೇನೆ.’

ಈ ಪತ್ರದ ಬಲವಿರುವುದು 600 ರೂಪಾಯಿಯ ಸಾಲಿನಲ್ಲಿ. ಹೇಗೂ ಎರಡು ವರ್ಷದಲ್ಲಿ ಬಳಿಯಬೇಕಿದ್ದ ಗೋಡೆಗೆ ಪೂರ್ತಿ ಹೊಸ ಬಣ್ಣದ ದುಡ್ಡು ಕೇಳುವುದು ನ್ಯಾಯವಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಕೂಡ ಸಹಜ ಸವಕಳಿಯನ್ನು ಬಾಡಿಗೆದಾರನ ಹೊಣೆಯಿಂದ ಬಿಟ್ಟಿದೆ. ತೇವದ ಕಲೆ ಯಾರದೆಂಬ ತಕರಾರು ಬಂದರೆ ಗೋಡೆ ನೋಡಿ: ಬಣ್ಣ ಉಬ್ಬಿ, ಬಿಳಿ ಉಪ್ಪಿನ ಪುಡಿ ಉದುರುತ್ತಿದ್ದರೆ ನೀರು ಗೋಡೆಯ ಒಳಗಿನಿಂದ ಬಂದಿದೆ.

ಆದರೆ ಕರಾರುಪತ್ರದಲ್ಲೇ ‘ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಕಡಿತ’ ಎಂದು ಬರೆದು ನೀವು ಸಹಿ ಹಾಕಿದ್ದರೆ ಈ ಲೆಕ್ಕ ಹೆಚ್ಚು ದೂರ ಹೋಗದು. ಸಹಿ ಹಾಕುವ ಮುನ್ನ ಆ ಸಾಲನ್ನು ಹುಡುಕಿ.