ರಕ್ತ ಹಾಲಿನಂತೆ ಬೆಳ್ಳಗಾದಾಗ

ಲ್ಯಾಬಿನಲ್ಲಿ ರಕ್ತದ ಟ್ಯೂಬನ್ನು ಯಂತ್ರಕ್ಕೆ ಹಾಕಿ ತಿರುಗಿಸಿದರೆ ಕೆಂಪು ಕಣಗಳು ತಳಕ್ಕಿಳಿದು, ಮೇಲೆ ತಿಳಿ ಹಳದಿ ದ್ರವ ನಿಲ್ಲುತ್ತದೆ. ಅಪರೂಪಕ್ಕೆ ಆ ದ್ರವ ಹಾಲಿನಷ್ಟೇ ಬೆಳ್ಳಗಿರುತ್ತದೆ. ಅದು ರಕ್ತದಲ್ಲಿ ತೇಲುತ್ತಿರುವ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್. ಒಂದು ಡೆಸಿಲೀಟರ್ ರಕ್ತದಲ್ಲಿ ಇದು 150 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. 1000 ದಾಟಿದರೆ ಮೇದೋಜೀರಕ ಗ್ರಂಥಿಗೆ, ಅಂದರೆ ಪ್ಯಾಂಕ್ರಿಯಾಸ್‌ಗೆ, ಹಠಾತ್ ಉರಿಯೂತ ಬರುವ ಅಪಾಯ ಶುರುವಾಗುತ್ತದೆ.

ಇದು ಹೇಗೆ ಬರುತ್ತದೆ, ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ ಎಂಬುದನ್ನು ತಿಳಿಯಲು 36 ವರ್ಷದ, 70 ಕಿಲೋ ತೂಕದ ಒಬ್ಬ ವ್ಯಕ್ತಿಯನ್ನು ಕಲ್ಪಿಸಿಕೊಳ್ಳಿ. ಸಕ್ಕರೆ ಕಾಯಿಲೆಯಿದ್ದರೂ ಮಾತ್ರೆ ಬಿಟ್ಟು ನಾಲ್ಕು ತಿಂಗಳಾಗಿದೆ. ವಾರಕ್ಕೆರಡು ದಿನ ಕುಡಿತವಿದೆ. ಒಂದು ರಾತ್ರಿ ಹೊಟ್ಟೆಯ ಮೇಲ್ಭಾಗದಲ್ಲಿ ಹಿಡಿದ ನೋವು ಬೆನ್ನಿಗೂ ಹಾಯುತ್ತದೆ. ಮಲಗಿದರೆ ಹೆಚ್ಚು, ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಕಡಿಮೆ. ವಾಂತಿ ನಿಲ್ಲುವುದಿಲ್ಲ. ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ನುಂಗಿ ಬೆಳಗಿನವರೆಗೆ ಕಾಯುತ್ತಾನೆ.

ಆಸ್ಪತ್ರೆಯಲ್ಲೂ ಇಲ್ಲಿ ಎಡವುವ ಸಾಧ್ಯತೆ ಇದೆ. ಪ್ಯಾಂಕ್ರಿಯಾಸ್ ಉರಿಯೂತಕ್ಕೆ ಮಾಡಿಸುವ ಅಮೈಲೇಸ್ ಪರೀಕ್ಷೆಗೆ ರಕ್ತದ ಕೊಬ್ಬು ಅಡ್ಡಿಯಾಗಿ, ಫಲಿತಾಂಶ ಸುಳ್ಳೇ ನಾರ್ಮಲ್ ಬರಬಹುದು. ಹಾಗಾಗಿ ಲೈಪೇಸ್ ಪರೀಕ್ಷೆ ಮಾಡಿಸುತ್ತಾರೆ, ಅನುಮಾನ ಉಳಿದರೆ ಸಿ.ಟಿ. ಸ್ಕ್ಯಾನ್. ನಮ್ಮ ರೋಗಿಯ ಲೈಪೇಸ್ ಬಹಳ ಏರಿದೆ, ಸಕ್ಕರೆ 380 ಇದೆ, ಟ್ರೈಗ್ಲಿಸರೈಡ್ 4200.

ಇಷ್ಟು ಏರಿದ್ದಕ್ಕೆ ಕಾರಣವಿದೆ. ಊಟದ ಕೊಬ್ಬು ರಕ್ತಕ್ಕೆ ಬಂದ ಮೇಲೆ ಅದನ್ನು ಒಡೆದು ಖಾಲಿ ಮಾಡುವ ಒಂದು ಕಿಣ್ವ ರಕ್ತನಾಳಗಳ ಗೋಡೆಯಲ್ಲಿದೆ. ಅದು ಚುರುಕಾಗಿ ಕೆಲಸ ಮಾಡಲು ಇನ್ಸುಲಿನ್ ಬೇಕು. ಸಕ್ಕರೆ ಹತೋಟಿ ತಪ್ಪಿದಾಗ ಕಿಣ್ವ ಮಂಕಾಗುತ್ತದೆ, ಇತ್ತ ಮದ್ಯದಿಂದ ಯಕೃತ್ತು ಇನ್ನಷ್ಟು ಕೊಬ್ಬು ತಯಾರಿಸುತ್ತದೆ. ಹೀಗೆ ತುಂಬಿಕೊಂಡ ಕೊಬ್ಬು ಪ್ಯಾಂಕ್ರಿಯಾಸ್‌ನ ಸೂಕ್ಷ್ಮ ರಕ್ತನಾಳಗಳಲ್ಲಿ ಹರಿವನ್ನು ನಿಧಾನಗೊಳಿಸುತ್ತದೆ. ಗ್ರಂಥಿಯದೇ ಲೈಪೇಸ್ ಅದನ್ನು ಒಡೆದಾಗ ಹೊರಬರುವ ಕೊಬ್ಬಿನಾಮ್ಲಗಳು ಅಲ್ಲಿನ ಜೀವಕೋಶಗಳನ್ನೇ ಸುಡುತ್ತವೆ. ಕೆಲವರಲ್ಲಿ ಈ ಕಿಣ್ವದ ದೋಷ ಹುಟ್ಟಿನಿಂದಲೇ ಇರುತ್ತದೆ. ಗರ್ಭಿಣಿಯರಲ್ಲೂ, ಕೆಲವು ಹಾರ್ಮೋನ್ ಮಾತ್ರೆಗಳಿಂದಲೂ ಮಟ್ಟ ಏರಬಹುದು.

ಚಿಕಿತ್ಸೆಯ ಮೊದಲ ಹೆಜ್ಜೆ ಬಾಯಿಗೆ ಏನೂ ಕೊಡದಿರುವುದು. ಹೊಸ ಕೊಬ್ಬು ಬರುವುದು ನಿಂತರೆ ಸಾಕು, ಒಂದೆರಡು ದಿನದಲ್ಲೇ ಮಟ್ಟ ಗಣನೀಯವಾಗಿ ಇಳಿಯುತ್ತದೆ. ಜೊತೆಗೆ ಡ್ರಿಪ್ ಹಾಕಿ ನೋವಿಗೆ ಇಂಜೆಕ್ಷನ್ ಕೊಡುತ್ತಾರೆ.

ಎರಡನೆಯದು ಇನ್ಸುಲಿನ್ ಡ್ರಿಪ್. ಸಾಮಾನ್ಯವಾಗಿ ತೂಕದ ಪ್ರತಿ ಕಿಲೋಗೆ ಗಂಟೆಗೆ 0.1 ಯೂನಿಟ್, ಅಂದರೆ ಈ ರೋಗಿಗೆ ಗಂಟೆಗೆ 7 ಯೂನಿಟ್. ಮಂಕಾಗಿದ್ದ ಕಿಣ್ವ ಮತ್ತೆ ಚುರುಕಾಗುತ್ತದೆ. ಸಕ್ಕರೆ 200ರ ಹತ್ತಿರಕ್ಕೆ ಇಳಿದಾಗ ಇನ್ಸುಲಿನ್ ನಿಲ್ಲಿಸುವುದಿಲ್ಲ, ಜೊತೆಗೆ ಗ್ಲೂಕೋಸ್ ಡ್ರಿಪ್ ಸೇರಿಸುತ್ತಾರೆ. ಏಕೆಂದರೆ ಇಲ್ಲಿ ಗುರಿ ಸಕ್ಕರೆಯಷ್ಟೇ ಅಲ್ಲ, ಕೊಬ್ಬು. ಸಕ್ಕರೆ ತೀರಾ ಇಳಿಯಬಹುದು, ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ತಪ್ಪಬಹುದು. ಅದಕ್ಕೇ ಗಂಟೆಗೊಮ್ಮೆ ಸಕ್ಕರೆ ನೋಡುತ್ತಾ, ಪೊಟ್ಯಾಸಿಯಂ ಮೇಲೆ ಕಣ್ಣಿಟ್ಟಿರುತ್ತಾರೆ. ಮನೆಯಲ್ಲಿ ಮಾಡುವ ಚಿಕಿತ್ಸೆ ಇದಲ್ಲ. ಟ್ರೈಗ್ಲಿಸರೈಡ್ 500ರ ಕೆಳಗೆ ಬರುವವರೆಗೆ ಇದು ನಡೆಯುತ್ತದೆ.

ಮೂತ್ರಪಿಂಡ, ಶ್ವಾಸಕೋಶ ಸೋಲತೊಡಗಿದರೆ ಅಥವಾ ಕ್ಯಾಲ್ಸಿಯಂ ತೀರಾ ಕುಸಿದರೆ ಪ್ಲಾಸ್ಮಾಫೆರೆಸಿಸ್ ಯೋಚಿಸುತ್ತಾರೆ. ಯಂತ್ರದ ಮೂಲಕ ಆ ಬಿಳಿ ದ್ರವವನ್ನು ತೆಗೆದು, ಬದಲಿ ದ್ರವ ಸೇರಿಸಿ ರಕ್ತವನ್ನು ಮರಳಿಸುವ ವಿಧಾನವಿದು. ಒಂದೇ ಸಲಕ್ಕೆ ಮಟ್ಟ ಅರ್ಧಕ್ಕಿಂತ ಹೆಚ್ಚು ಇಳಿಯಬಹುದು. ಆದರೆ ಇದರಿಂದ ಹೆಚ್ಚು ಜೀವ ಉಳಿಯುತ್ತದೆ ಎಂಬುದು ಸಾಬೀತಾಗಿಲ್ಲ. ಹಾಗಾಗಿ ಎಲ್ಲರಿಗೂ ಮಾಡುವುದಿಲ್ಲ.

ಮನೆಗೆ ಬಂದ ಮೇಲೆ ಮರುಕಳಿಸದಂತೆ ತಡೆಯುವುದೇ ದೊಡ್ಡ ಕೆಲಸ. ಮದ್ಯ ಪೂರ್ತಿ ಬಿಡಬೇಕು, ಸಕ್ಕರೆ ಹತೋಟಿಯಲ್ಲಿರಬೇಕು, ವೈದ್ಯರು ಬರೆದ ಫೆನೊಫೈಬ್ರೇಟ್ ಮಾತ್ರೆ ತಪ್ಪಿಸಬಾರದು. ಮಟ್ಟ ಮತ್ತೆ 1000 ದಾಟಿದರೆ ದಿನದ ಶಕ್ತಿಯಲ್ಲಿ ಕೊಬ್ಬಿನ ಪಾಲು ಶೇ. 15 ಮೀರಬಾರದು. 1800 ಕ್ಯಾಲೊರಿ ತಿನ್ನುವವರಿಗೆ ಇದು ಕೇವಲ 30 ಗ್ರಾಂ. ಒಗ್ಗರಣೆಯ ಎಣ್ಣೆ, ತೆಂಗಿನಕಾಯಿ, ಹಾಲಿನ ಕೆನೆ ಎಲ್ಲವೂ ಇದರೊಳಗೇ ಬರಬೇಕು. ‘ಒಳ್ಳೆಯ ಎಣ್ಣೆ’ ಎಂದು ಧಾರಾಳ ಬಳಸುವಂತಿಲ್ಲ, ಅಡುಗೆ ಎಣ್ಣೆಗಳೆಲ್ಲವೂ ಟ್ರೈಗ್ಲಿಸರೈಡ್‌ಗಳೇ.

ನಿಮ್ಮ ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ 500 ದಾಟಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಮೇಲ್ಹೊಟ್ಟೆಯ ನೋವು ಬೆನ್ನಿಗೆ ಹಾಯ್ದು ವಾಂತಿಯೂ ಶುರುವಾದರೆ ಬೆಳಗಾಗಲಿ ಎಂದು ಕಾಯಬೇಡಿ. ಎಮರ್ಜೆನ್ಸಿಗೆ ಹೋದ ಕೂಡಲೇ ಹಳೆಯ ರಿಪೋರ್ಟನ್ನು ವೈದ್ಯರ ಕೈಗಿಡಿ.